ವಿದೇಶದಲ್ಲಿ ಅಕೌಂಟೆಂಟ್ ಕೆಲಸ: ಎಸಿಸಿಎ, ಸಿಪಿಎ, ಸಿಎಂಎಗಳಲ್ಲಿ ಯಾವುದು?

ವಿದೇಶದಲ್ಲಿ ಲೆಕ್ಕಪತ್ರ ಕ್ಷೇತ್ರದ ಉದ್ಯೋಗ ಬಯಸುವವರು ಯಾವ ಪರೀಕ್ಷೆ ಸುಲಭ, ಯಾವುದು ಬೇಗ ಮುಗಿಯುತ್ತದೆ ಎಂದು ಮೊದಲು ವಿಚಾರಿಸುತ್ತಾರೆ. ಆದರೆ ಮೊದಲು ನಿರ್ಧರಿಸಬೇಕಾದುದು ಯಾವ ದೇಶಕ್ಕೆ ಹೋಗಬೇಕು ಮತ್ತು ಅಲ್ಲಿ ಲೆಕ್ಕಪರಿಶೋಧನಾ ವರದಿಗೆ ಸಹಿ ಹಾಕುವ ಅಧಿಕಾರ ಬೇಕೇ ಎಂಬ ಎರಡು ಸಂಗತಿಗಳನ್ನು. ಸಹಿಯ ಅಧಿಕಾರವನ್ನು ಆಯಾ ದೇಶದ ಕಾನೂನು ಕೊಡುತ್ತದೆಯೇ ಹೊರತು ಪರೀಕ್ಷೆಯ ಪ್ರಮಾಣಪತ್ರ ಕೊಡುವುದಿಲ್ಲ.

ಕಂಪನಿಯೊಳಗೆ ಬಜೆಟ್, ವೆಚ್ಚ ವಿಶ್ಲೇಷಣೆ, ಹಣಕಾಸು ಯೋಜನೆ ಮಾಡುವವರಿಗೆ ಸಹಿಯ ಅಧಿಕಾರ ಬೇಕಿಲ್ಲ. ಅಮೆರಿಕದ ಐಎಂಎ ಸಂಸ್ಥೆಯ ಸಿಎಂಎ ಇಂಥವರಿಗಾಗಿಯೇ ಇರುವುದು. ಅದಕ್ಕೆ ಎರಡು ಪತ್ರಿಕೆಗಳು, ಪದವಿ ಮತ್ತು ಎರಡು ವರ್ಷಗಳ ಅನುಭವ ಬೇಕು. ಇದೇ ಮೂರಕ್ಷರದ ಬೇರೆ ಅರ್ಹತೆಗಳೂ ಇವೆ. ಸಿಪಿಎ ಎಂಬ ಹೆಸರೂ ಹಾಗೆಯೇ: ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ ಸಿಪಿಎಗಳು ಬೇರೆ ಬೇರೆ ಸಂಸ್ಥೆಗಳವು. ಉದ್ಯೋಗದ ಜಾಹೀರಾತಿನಲ್ಲಿ ಅಕ್ಷರಗಳನ್ನಷ್ಟೇ ನೋಡಿ ಶುಲ್ಕ ಕಟ್ಟಿದವರು ಕಡಿಮೆಯೇನಿಲ್ಲ.

ಯಾವ ದೇಶವೆಂಬುದು ಇನ್ನೂ ಖಚಿತವಿಲ್ಲದವರಿಗೆ ಬ್ರಿಟನ್ ಮೂಲದ ಸಂಸ್ಥೆಯ ಎಸಿಸಿಎ ಹೆಚ್ಚು ಹೊಂದುತ್ತದೆ. ಸದ್ಯ ಪ್ರಚಲಿತವಿರುವ ಕ್ರಮದಲ್ಲಿ 13 ಪತ್ರಿಕೆಗಳಿದ್ದು, ಹಿಂದಿನ ಓದಿಗೆ ಅನುಗುಣವಾಗಿ ಗರಿಷ್ಠ ಒಂಬತ್ತರವರೆಗೆ ವಿನಾಯಿತಿ ಸಿಗಬಹುದು. ಸದಸ್ಯತ್ವಕ್ಕೆ 36 ತಿಂಗಳ ಅನುಭವ ಬೇಕು. ಅದರ ವರದಿಗಾರಿಕೆಯ ಪತ್ರಿಕೆಗಳು ಐಎಫ್‌ಆರ್‌ಎಸ್ ಎಂಬ ಅಂತರರಾಷ್ಟ್ರೀಯ ಹಣಕಾಸು ವರದಿ ಮಾನದಂಡವನ್ನು ಆಧರಿಸಿರುವುದರಿಂದ, ಆ ಮಾನದಂಡವನ್ನು ಬಳಸುವ ಹಲವಾರು ದೇಶಗಳ ಕಂಪನಿಗಳಲ್ಲಿ ಓದಿದ್ದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆದರೂ ಬ್ರಿಟನ್ನಿನಲ್ಲಿಯೂ ಕೇವಲ ಸದಸ್ಯತ್ವದಿಂದ ಲೆಕ್ಕಪರಿಶೋಧನಾ ವರದಿಗೆ ಸಹಿ ಹಾಕಲಾಗದು. ಅದಕ್ಕೆ ಪ್ರತ್ಯೇಕ ಅನುಮತಿ ಪಡೆಯಬೇಕು.

ಅಮೆರಿಕವೇ ಗುರಿಯಾದರೆ ಲೆಕ್ಕಾಚಾರ ಬದಲಾಗುತ್ತದೆ. ಅಲ್ಲಿ ಐಎಫ್‌ಆರ್‌ಎಸ್ ಬದಲು ಯುಎಸ್ ಗ್ಯಾಪ್ ಎಂಬ ಅಮೆರಿಕದ್ದೇ ಲೆಕ್ಕಪತ್ರ ಮಾನದಂಡ ನಡೆಯುತ್ತದೆ ಮತ್ತು ಸಿಪಿಎ ಎಂಬುದು ರಾಜ್ಯ ಮಂಡಳಿಗಳು ಕೊಡುವ ಪರವಾನಗಿ. ಪರೀಕ್ಷೆ ಎಲ್ಲೆಡೆ ಒಂದೇ: 2024ರಿಂದ ಮೂರು ಕಡ್ಡಾಯ ಪತ್ರಿಕೆಗಳು ಮತ್ತು ಅಭ್ಯರ್ಥಿ ಆರಿಸಿಕೊಳ್ಳುವ ಒಂದು ಪತ್ರಿಕೆ, ಪ್ರತಿಯೊಂದರಲ್ಲೂ ತೇರ್ಗಡೆಗೆ 75 ಅಂಕ. ಆದರೆ ಓದು, ಅನುಭವ, ಸಾಮಾಜಿಕ ಭದ್ರತಾ ಸಂಖ್ಯೆಗಳ ಷರತ್ತು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಎಡವುವುದು ಬಹುತೇಕ ಇಲ್ಲಿಯೇ.

ಮೂರು ವರ್ಷದ ವಾಣಿಜ್ಯ ಪದವಿ ಮತ್ತು ಎರಡು ವರ್ಷದ ಸ್ನಾತಕೋತ್ತರ ಪದವಿ ಇರುವ ಒಬ್ಬ ಅಭ್ಯರ್ಥಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಒಂದು ಪೂರ್ಣ ವರ್ಷದ ಓದನ್ನು ಸುಮಾರು 30 ಕ್ರೆಡಿಟ್ ಎಂದು ಎಣಿಸುವ ರೂಢಿಯಿದೆ. ಆ ಲೆಕ್ಕದಲ್ಲಿ ಪದವಿಗೆ 90, ಸ್ನಾತಕೋತ್ತರಕ್ಕೆ 60, ಒಟ್ಟು 150. ಅನೇಕ ರಾಜ್ಯಗಳು ಪರೀಕ್ಷೆಗೆ ಕೂರಲು 120 ಕ್ರೆಡಿಟ್ ಕೇಳುತ್ತವೆ. ಪರವಾನಗಿಗೆ ಬಹುಕಾಲದಿಂದ ಇರುವ ಮಾನದಂಡ 150. ಇತ್ತೀಚೆಗೆ ಅನೇಕ ರಾಜ್ಯಗಳು ಹೆಚ್ಚುವರಿ ಅನುಭವವಿದ್ದರೆ ಕಡಿಮೆ ಓದನ್ನೂ ಒಪ್ಪತೊಡಗಿವೆ. ಕಾಗದದ ಮೇಲೆ ನಮ್ಮ ಅಭ್ಯರ್ಥಿಯ ಲೆಕ್ಕ ಸರಿಹೊಂದಿತು. ಆದರೆ ಈ ಎಣಿಕೆಯನ್ನು ಅಂತಿಮವಾಗಿ ಮಾಡುವುದು ರಾಜ್ಯ ಮಂಡಳಿ ಒಪ್ಪಿದ ಮೌಲ್ಯಮಾಪನ ಸಂಸ್ಥೆ. ಅದು 150ರ ಬದಲು 138 ಎಂದು ಬರೆದರೆ, 150 ಕೇಳುವ ರಾಜ್ಯದಲ್ಲಿ ಉಳಿದ 12 ಕ್ರೆಡಿಟ್‌ಗಳಿಗಾಗಿ ಮತ್ತೆ ಕೋರ್ಸು ಸೇರಬೇಕಾಗುತ್ತದೆ. ಒಟ್ಟು ಮೊತ್ತ ಸರಿಯಿದ್ದರೂ ಅಕೌಂಟಿಂಗ್ ವಿಷಯದ ಕ್ರೆಡಿಟ್‌ಗಳು ಸಾಲದೆ ಹೋಗುವುದುಂಟು. ಹಾಗಾಗಿ ತರಬೇತಿ ಶುಲ್ಕ ಕಟ್ಟುವ ಮೊದಲೇ ರಾಜ್ಯವನ್ನು ಆರಿಸಿ, ಅಂಕಪಟ್ಟಿಗಳನ್ನು ವಿಶ್ವವಿದ್ಯಾಲಯದಿಂದ ಆ ಸಂಸ್ಥೆಗೆ ಕಳುಹಿಸಿ, ಮೌಲ್ಯಮಾಪನ ವರದಿಯನ್ನು ತರಿಸಿಕೊಳ್ಳಬೇಕು.

ಆಮೇಲಿನದು ಅನುಭವದ ಪ್ರಶ್ನೆ. 150 ಕ್ರೆಡಿಟ್ ಇರುವವರಿಗೆ ಸಾಮಾನ್ಯವಾಗಿ ಒಂದು ವರ್ಷದ ಕೆಲಸ ಸಾಕು. ಆದರೆ ಅದನ್ನು ಪರವಾನಗಿ ಹೊಂದಿದ ಸಿಪಿಎ ಒಬ್ಬರು ದೃಢೀಕರಿಸಬೇಕೆಂದು ಬಹಳಷ್ಟು ರಾಜ್ಯಗಳು ಕೇಳುತ್ತವೆ. ನಾಲ್ಕೂ ಪತ್ರಿಕೆ ಪಾಸಾಗಿ, ಕಚೇರಿಯಲ್ಲಿ ಅಂಥವರು ಯಾರೂ ಇಲ್ಲದೆ ಪರವಾನಗಿಗೆ ಅರ್ಜಿಯನ್ನೇ ಸಲ್ಲಿಸಲಾಗದೆ ಉಳಿಯುವ ಸಾಧ್ಯತೆ ನಿಜವಾದುದು. ಪರವಾನಗಿ ಕೈಗೆ ಬರುವವರೆಗೆ ಹೆಸರಿನ ಮುಂದೆ ಸಿಪಿಎ ಎಂದು ಬರೆದುಕೊಳ್ಳುವಂತೆಯೂ ಇಲ್ಲ. ಸ್ವವಿವರದಲ್ಲಿ ಪರೀಕ್ಷೆ ಪಾಸಾಗಿದೆ ಎಂದಷ್ಟೇ ನಮೂದಿಸಬೇಕು.

ಎಸಿಸಿಎ ಈಗಾಗಲೇ ಮುಗಿಸಿದವರು ಅದನ್ನೇ ಅಮೆರಿಕಕ್ಕೆ ಒಯ್ದರೆ ಸಾಕೆಂದು ತಿಳಿಯಬಾರದು. ಕೆನಡಾ, ಆಸ್ಟ್ರೇಲಿಯಾ, ಸ್ಕಾಟ್ಲೆಂಡ್ ಮೊದಲಾದೆಡೆಯ ಕೆಲವು ಸಂಸ್ಥೆಗಳ ಸದಸ್ಯರಿಗೆ ಅಮೆರಿಕದೊಂದಿಗೆ ಪರಸ್ಪರ ಮಾನ್ಯತೆಯ ಒಪ್ಪಂದವಿದೆ, ಎಸಿಸಿಎ ಆ ಪಟ್ಟಿಯಲ್ಲಿಲ್ಲ. ಇಂಥ ಒಪ್ಪಂದಗಳಿಗೆ ಅವಧಿಯೂ ಇರುತ್ತದೆ; ಆದ್ದರಿಂದ ಅರ್ಜಿ ಹಾಕುವ ದಿನ ಅದು ಜಾರಿಯಲ್ಲಿದೆಯೇ ಎಂಬುದನ್ನು ರಾಜ್ಯ ಮಂಡಳಿಯಿಂದಲೇ ಲಿಖಿತವಾಗಿ ಕೇಳಿ ತಿಳಿಯಬೇಕು.