ಫೋಟೊ ನೋಡಿ ರೆಸಿಸ್ಟರ್ ಮೌಲ್ಯ ಓದುವುದು ಹೇಗೆ?

ಹೊಳಲ್ಕೆರೆ ಕಡೆಯ ತೋಟದಲ್ಲಿ ಬೋರ್‌ವೆಲ್ ಮೋಟರಿನ ಆಟೊ ಸ್ಟಾರ್ಟರ್ ಕೈಕೊಟ್ಟರೆ, ಒಳಗಿನ ಬೋರ್ಡಿಗಿಂತ ಮೊದಲು ಅದರ ಫೋಟೊ ದಾವಣಗೆರೆಯ ರಿಪೇರಿ ಅಂಗಡಿ ಸೇರುತ್ತದೆ. ಪಂಪ್‌ಹೌಸ್ ಬಲ್ಬಿನ ಹಳದಿ ಬೆಳಕಲ್ಲಿ ತೆಗೆದದ್ದಾದ್ದರಿಂದ ಕಂದು, ಕೆಂಪು, ಕಿತ್ತಳೆ ಮೂರೂ ಒಂದೇ ಥರ ಕಾಣುತ್ತವೆ. ಆದರೂ ಓದಬಹುದು.

ಮೊದಲು ಚಿನ್ನದ ಪಟ್ಟಿ ಬಲಕ್ಕೆ ಬರುವಂತೆ ಫೋಟೊ ತಿರುಗಿಸಿ. ನಾಲ್ಕು ಪಟ್ಟಿಯ ರೆಸಿಸ್ಟರ್ ಆದರೆ ಎಡದಿಂದ ಎರಡು ಪಟ್ಟಿ ಅಂಕಿಗಳು, ಮೂರನೆಯದು ಮುಂದೆ ಹಾಕಬೇಕಾದ ಸೊನ್ನೆಗಳ ಲೆಕ್ಕ. ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ಹಳದಿ, ನೇರಳೆ, ಕೆಂಪು ಎಂದರೆ 4700 ಓಮ್, ಅಂಗಡಿ ಮಾತಿನಲ್ಲಿ 4.7 ಕೆ. ಕೊನೆಯ ಚಿನ್ನ ಶೇ 5ರಷ್ಟು ಹೆಚ್ಚುಕಡಿಮೆ ಇರಬಹುದು ಎನ್ನುತ್ತದೆ.

ಆ ಮೂರನೇ ಪಟ್ಟಿ ಕೆಂಪೋ ಕಿತ್ತಳೆಯೋ? ಕಿತ್ತಳೆಯಾದರೆ 47 ಕೆ, ಹತ್ತು ಪಟ್ಟು. ಎರಡೂ ಮಾರುಕಟ್ಟೆಯಲ್ಲಿ ಸಿಗುವ ಮೌಲ್ಯಗಳೇ, ಹಾಗಾಗಿ ಊಹೆ ನಡೆಯದು. ಮೊದಲೆರಡು ಪಟ್ಟಿಗಳ ವಿಷಯ ಬೇರೆ. ಶೇ 5ರ ರೆಸಿಸ್ಟರುಗಳು ಗೊತ್ತಾದ 24 ಜೋಡಿ ಅಂಕಿಗಳಲ್ಲಷ್ಟೇ ತಯಾರಾಗುತ್ತವೆ. ಅದರಲ್ಲಿ 27 ಇದೆ. 17, 37 ಇಲ್ಲ. 39 ಇದೆ; 19, 29 ಇಲ್ಲ.

ಇದೇ ನಮಗೆ ಕೀಲಿ. ಅದೇ ಫೋಟೊದಲ್ಲಿ ಎರಡನೇ ಪಟ್ಟಿ ನೇರಳೆ ಇರುವ, ಮೊದಲನೆಯದು ಗೊಂದಲದ ಬಣ್ಣದ ಇನ್ನೊಂದು ರೆಸಿಸ್ಟರ್ ಹುಡುಕಿ. ಅದು 27 ಮಾತ್ರ ಆಗಲು ಸಾಧ್ಯ, ಅಂದರೆ ಆ ಪಟ್ಟಿ ಖಂಡಿತ ಕೆಂಪು. ಎರಡನೆಯದು ಬಿಳಿ ಇದ್ದರೆ ಮೊದಲನೆಯದು ಕಿತ್ತಳೆ. ಈಗ ನಿಮ್ಮ ಸಂಶಯದ ಪಟ್ಟಿಯನ್ನು ಇವೆರಡರ ಪಕ್ಕ ಹಿಗ್ಗಿಸಿ ಹೋಲಿಸಿ. ಒಂದೇ ಬೆಳಕು, ಒಂದೇ ಕ್ಯಾಮೆರಾ, ಉತ್ತರ ಸಿಗುತ್ತದೆ. ಸುಟ್ಟು ಕರಕಲಾದ ರೆಸಿಸ್ಟರಿಗೆ ಮಾತ್ರ ಈ ಉಪಾಯ ಬೇಡ, ಕಾವಿಗೆ ಬಣ್ಣವೇ ಬದಲಾಗಿರುತ್ತದೆ.

ಬೋರ್ಡ್ ಕೈಗೆ ಬಂದ ಮೇಲೆ ಮೀಟರ್ ಇಡಿ. ಬೋರ್ಡಿನಲ್ಲೇ ಅಳೆದರೆ ಪಕ್ಕದ ದಾರಿಗಳೂ ಸೇರಿ ಓಮ್ ಕಡಿಮೆ ತೋರಿಸಬಹುದು, ಹೆಚ್ಚು ತೋರಿಸಬಾರದು. ಮುಳ್ಳು ನಿಂತ ಮೇಲೂ 30 ಕೆ ತೋರಿಸಿದರೆ, ಒಂದೋ ಅದು 47 ಕೆ, ಇಲ್ಲವೇ ಕೆಟ್ಟುಹೋದ 4.7 ಕೆ. ಒಂದು ಕಾಲು ಬಿಚ್ಚಿ ಮತ್ತೆ ಅಳೆಯಿರಿ.

ಕೆಪಾಸಿಟರಿನಲ್ಲಿ ಬಣ್ಣದ ತಲೆನೋವಿಲ್ಲ. 105J 400V ಎಂದಿದ್ದರೆ 10ರ ಮುಂದೆ ಐದು ಸೊನ್ನೆ, ಅಷ್ಟು ಪಿಕೊಫ್ಯಾರಡ್. ಅದೇ 1 ಮೈಕ್ರೊಫ್ಯಾರಡ್. J ಎಂದರೆ ಇಲ್ಲೂ ಶೇ 5. ಆದರೆ ಫೋಟೊ ಹೇಳುವುದು ಅಚ್ಚಾದ ಮೌಲ್ಯವನ್ನು, ಈಗ ಉಳಿದಿರುವುದನ್ನಲ್ಲ. ಹಲವು ಸಣ್ಣ ಬೋರ್ಡುಗಳಲ್ಲಿ ಮೇನ್ಸ್ ವೋಲ್ಟೇಜ್ ಇಳಿಸುವುದು ಇದೇ ಕೆಪಾಸಿಟರ್. ಮೈ ನೋಡಲು ಸರಿಯಿದ್ದೂ ಒಳಗೆ ಸವೆದಿದ್ದರೆ ರಿಲೇ ಕಟಕಟ ಅನ್ನುತ್ತದೆ. ಕರೆಂಟ್ ತೆಗೆದು, ಚಾರ್ಜ್ ಇಳಿಸಿ, ಬಿಚ್ಚಿಯೇ ಅಳೆಯಬೇಕು. ಬದಲಿಸುವಾಗ ಅದೇ ಬಗೆಯದು, ಅದೇ ಮೈಕ್ರೊಫ್ಯಾರಡ್ ಇರಲಿ. ವೋಲ್ಟೇಜ್ 400ಕ್ಕಿಂತ ಕಡಿಮೆಯದು ಬೇಡ.