ಬೆಕ್ಕಿನ ಮರಿಗೆ ಒಂದೇ ಲಸಿಕೆ ಸಾಲದು: ಪ್ಯಾನ್‌ಲ್ಯುಕೋಪೀನಿಯಾ ತಡೆಯುವುದು ಹೀಗೆ

"ಲಸಿಕೆ ಹಾಕಿಸಿದ್ವಿ, ಆದ್ರೂ ಮರಿ ಹೋಗಿಬಿಡ್ತು." ಬೆಕ್ಕು ಸಾಕುವವರ ಬಾಯಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ವಿಚಾರಿಸಿದರೆ, ಎಂಟನೇ ವಾರಕ್ಕೆ ಒಂದು ಸೂಜಿ ಹಾಕಿಸಿ ಅಲ್ಲಿಗೇ ಬಿಟ್ಟಿರುತ್ತಾರೆ. ಎಡವುವುದು ಅಲ್ಲೇ.

ಪ್ಯಾನ್‌ಲ್ಯುಕೋಪೀನಿಯಾ ಎಂಬ ಬೆಕ್ಕಿನ ಅಂಟುರೋಗವನ್ನು ತರುವುದು ಒಂದು ಪಾರ್ವೊ ವೈರಸ್. ಅದು ಮರಿಯ ಕರುಳಿನ ಒಳಪದರವನ್ನೂ ಮೂಳೆಮಜ್ಜೆಯನ್ನೂ ಒಟ್ಟಿಗೇ ಹಾಳು ಮಾಡುತ್ತದೆ. ಬಿಳಿ ರಕ್ತಕಣಗಳು ಕುಸಿದುಬೀಳುತ್ತವೆ. ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿದರೆ ತಡೆಯಲು ಯಾರೂ ಇರುವುದಿಲ್ಲ.

1. ಹೊಸ ಮರಿಯನ್ನು ಬೇರೆ ಇಡಿ. 14 ದಿನ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಲಿಟರ್ ಟ್ರೇ. ಆಶ್ರಯ ತಾಣ, ಬೋರ್ಡಿಂಗ್, ಮರಿಗಳನ್ನು ಗುಂಪಾಗಿ ಸಾಕುವ ಮನೆ ಎಲ್ಲಕ್ಕೂ ಇದೇ ಲೆಕ್ಕ. ಸೋಂಕು ತಗುಲಿದ ಮರಿ ಚೆನ್ನಾಗಿ ಆಡಿಕೊಂಡಿರುವಾಗಲೇ ಅದರ ಮಲದಲ್ಲಿ ವೈರಸ್ ಹೊರಬೀಳಬಹುದು. ಅಲ್ಲಿಂದ ಕೈ, ಚಪ್ಪಲಿ, ಹಾಸಿಗೆ ಬಟ್ಟೆ ಹಿಡಿದು ಪಕ್ಕದ ಗೂಡಿಗೆ ಹೋಗುತ್ತದೆ.

2. ಲಸಿಕೆಯ ಸರಣಿ ಮುಗಿಸಿ. ಹುಟ್ಟಿದ ಕೂಡಲೇ ಕುಡಿಯುವ ಹಾಲಿನಿಂದ ಮರಿಗೆ ತಾಯಿಯ ಪ್ರತಿಕಾಯಗಳು ಸಿಗುತ್ತವೆ. ಅವು ವೈರಸ್ಸನ್ನು ತಡೆಯುವಂತೆಯೇ ಲಸಿಕೆಯನ್ನೂ ತಡೆಯುತ್ತವೆ. ವಾರಗಳು ಕಳೆದಂತೆ ಇಳಿಯುತ್ತಾ ಹೋಗುತ್ತವೆ. ಆದರೆ ಯಾವ ಮರಿಯಲ್ಲಿ ಯಾವಾಗ ಇಳಿಯುತ್ತವೆ ಎಂದು ನೋಡಿ ಹೇಳಲಾಗದು.

ಒಂದು ಮರಿಯನ್ನೇ ತೆಗೆದುಕೊಳ್ಳಿ. ಎಂಟನೇ ವಾರಕ್ಕೆ ಲಸಿಕೆ ಬಿತ್ತು. ಆಗ ತಾಯಿಯ ಪ್ರತಿಕಾಯ ಇನ್ನೂ ಬಲವಾಗಿತ್ತು, ಲಸಿಕೆ ಕೆಲಸಕ್ಕೆ ಬರಲಿಲ್ಲ. ಹನ್ನೊಂದನೇ ವಾರದ ಹೊತ್ತಿಗೆ ಆ ಪ್ರತಿಕಾಯವೂ ಕರಗಿತು. ಹದಿಮೂರನೇ ವಾರ ಮನೆಯವರು ಊರಿಗೆ ಹೊರಟು ಮರಿಯನ್ನು ಬೋರ್ಡಿಂಗ್‌ನಲ್ಲಿ ಬಿಟ್ಟರು. ಪುಸ್ತಕದಲ್ಲಿ ಲಸಿಕೆಯ ಚೀಟಿ ಇದೆ, ಮೈಯಲ್ಲಿ ರಕ್ಷಣೆ ಇಲ್ಲ. ಹನ್ನೆರಡನೇ ವಾರದ ಡೋಸ್ ಹಾಕಿಸಿದ್ದರೆ ಈ ಮರಿ ಬಹುತೇಕ ಉಳಿಯುತ್ತಿತ್ತು ಅಲ್ವಾ?

ಹಾಗಾಗಿ 6–8 ವಾರಕ್ಕೆ ಶುರು ಮಾಡಿ, ಪ್ರತಿ 3–4 ವಾರಕ್ಕೊಮ್ಮೆ, 16–20 ವಾರ ತುಂಬುವವರೆಗೆ ಹಾಕಿಸಿ. ಕೊನೆಯ ಡೋಸ್ 16 ವಾರ ದಾಟಿದ ಮೇಲೇ ಬೀಳಬೇಕು. ಇದರಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ. ಆಮೇಲೆ ಮರಿಯ ವಯಸ್ಸು ಆರು ತಿಂಗಳಿಂದ ಒಂದು ವರ್ಷದೊಳಗೆ ಇರುವಾಗ ಬೂಸ್ಟರ್. ಮರಿಗಳು ಕಿಕ್ಕಿರಿದ ಕಡೆ ನಾಲ್ಕನೇ ವಾರಕ್ಕೇ ಶುರು ಮಾಡಿ 2–3 ವಾರಕ್ಕೊಮ್ಮೆ ಹಾಕಬಹುದು, ಅದೂ ಒಳಗೆ ಬಂದ ದಿನವೇ. ನಾಲ್ಕು ವಾರಕ್ಕಿಂತ ಚಿಕ್ಕ ಮರಿಗೆ, ಗಬ್ಬದ ಬೆಕ್ಕಿಗೆ ದುರ್ಬಲಗೊಳಿಸಿದ ವೈರಸ್ ಇರುವ ಜೀವಂತ ಲಸಿಕೆ ಬೇಡ. ಮರಿಯ ಚಿಕ್ಕಮೆದುಳು ಸರಿಯಾಗಿ ಬೆಳೆಯದೆ, ನಡೆಯುವಾಗ ತೂರಾಡುವಂತಾಗಬಹುದು.

3. ಲಕ್ಷಣ ಕಂಡ ದಿನವೇ ಹೊರಡಿ. ಸೋಂಕು ತಗುಲಿ ವಾರದ ಆಸುಪಾಸಿನಲ್ಲಿ ಮರಿ ಮಂಕಾಗುತ್ತದೆ. ಜ್ವರ, ಊಟ ಬೇಡ, ಹಳದಿ ನೀರಿನಂಥ ವಾಂತಿ, ಆಮೇಲೆ ಭೇದಿ. ನೀರಿನ ಬಟ್ಟಲ ಮುಂದೆ ಮುದುಡಿ ಕೂತು, ತಲೆ ಬಾಗಿಸಿ, ಕುಡಿಯದೆ ಹಾಗೇ ಇದ್ದರೆ ಕಾಯಬೇಡಿ. ಕೆಲವು ಮರಿಗಳು ವಾಂತಿಗೂ ಮೊದಲೇ ಸಾಯುತ್ತವೆ. ಜ್ವರಕ್ಕೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಅದು ಬೆಕ್ಕಿಗೆ ವಿಷ.

ಪಶುವೈದ್ಯರಿಗೆ ಮೊದಲೇ ಫೋನ್ ಮಾಡಿ ಹೇಳಿದರೆ ಬೇರೆ ಬೆಕ್ಕುಗಳ ನಡುವೆ ಕೂರುವುದು ತಪ್ಪುತ್ತದೆ. ನಾಯಿಯ ಪಾರ್ವೊ ಕಿಟ್ಟಿನಲ್ಲೇ ಬೆಕ್ಕಿನ ಮಲವನ್ನೂ ಪರೀಕ್ಷಿಸುತ್ತಾರೆ. ನೆಗೆಟಿವ್ ಬಂದರೂ ರೋಗ ಇಲ್ಲ ಎಂದರ್ಥವಲ್ಲ, ರಕ್ತಕಣ ಎಣಿಸಲು ಕೇಳಿ. ಈ ವೈರಸ್ಸಿಗೆ ನೇರ ಮದ್ದಿಲ್ಲ. ಡ್ರಿಪ್, ವಾಂತಿ ನಿಲ್ಲಿಸುವ ಔಷಧಿ, ಆಂಟಿಬಯೋಟಿಕ್ ಕೊಟ್ಟು ಮರಿಯ ಮೈ ತಾನೇ ಚೇತರಿಸಿಕೊಳ್ಳಲು ಸಮಯ ದೊರಕಿಸುತ್ತಾರೆ.

4. ಜಾಗ ತೊಳೆಯುವುದು. ಈ ವೈರಸ್ ಕೋಣೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಸ್ಯಾನಿಟೈಸರ್‌ಗೆ ಜಗ್ಗುವುದಿಲ್ಲ. ಫಿನೈಲ್ ಅಂತೂ ಬೇಡವೇ ಬೇಡ. ವಾಸನೆ ಜೋರಾಗಿರುತ್ತದೆ, ಆದರೆ ಈ ವೈರಸ್ಸಿಗೆ ಅದನ್ನು ನಂಬುವಂತಿಲ್ಲ. ಅದರಲ್ಲಿರುವ ಫಿನಾಲ್ ಬೆಕ್ಕಿನ ಮೈಗೂ ಆಗದು. ಮೊದಲು ಸೋಪಿನ ನೀರಲ್ಲಿ ಉಜ್ಜಿ ಕೊಳೆ ತೆಗೆಯಿರಿ, ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ 5–6% ದ್ರವ ಬ್ಲೀಚನ್ನು ಒಂದು ಲೀಟರ್ ನೀರಿಗೆ 30 ಮಿಲಿಲೀಟರ್‌ನಂತೆ ಅವತ್ತೇ ಬೆರೆಸಿ, 10 ನಿಮಿಷ ನೆಲ ಒದ್ದೆಯಾಗಿಯೇ ಇರುವಂತೆ ಬಿಡಿ. ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಚೆನ್ನಾಗಿ ತೊಳೆದು ಒಣಗಿಸಿದ ಮೇಲೆ ಬೆಕ್ಕನ್ನು ಬಿಡಿ.

ಬಟ್ಟೆಯ ಹಾಸಿಗೆ, ಮರದ ಗೀಚುಗಂಬ ಇವನ್ನು ಪೂರ್ತಿ ಶುದ್ಧ ಮಾಡಲಾಗದು. ಎಸೆದುಬಿಡಿ. ಈ ರೋಗ ಬಂದುಹೋದ ಮನೆಗೆ ಮರಿಯನ್ನು ತರಬೇಡಿ, ಲಸಿಕೆ ಪೂರ್ತಿಯಾದ ದೊಡ್ಡ ಬೆಕ್ಕನ್ನೇ ತನ್ನಿ.