ನಿವೃತ್ತಿಯ ಇಡಿಗಂಟು: ಅಂಚೆ ಕಚೇರಿಗೋ, ಆನ್ಯುಟಿಗೋ?

ನಿವೃತ್ತಿಯ ದಿನ ಹತ್ತಿರವಾದಂತೆ ಬ್ಯಾಂಕಿನ ಸಿಬ್ಬಂದಿ, ಪರಿಚಯದ ವಿಮಾ ಏಜೆಂಟರು, ಹಿಂದಿನ ವರ್ಷ ನಿವೃತ್ತರಾದ ಸಹೋದ್ಯೋಗಿಗಳು ಎಲ್ಲರೂ ಸಲಹೆ ಕೊಡುತ್ತಾರೆ. ಬಹುತೇಕರ ಬಾಯಲ್ಲಿ ಬರುವುದು ಒಂದೇ ಅಂಕಿ: ಶೇಕಡಾ ಇಷ್ಟು. ಆದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಶೇಕಡಾ 8.2 ಮತ್ತು ಆನ್ಯುಟಿಯ, ಅಂದರೆ ವಿಮಾ ಕಂಪನಿ ಕೊಡುವ ಜೀವನಪೂರ್ತಿ ಪಿಂಚಣಿಯ, ಶೇಕಡಾ 8.3 ಒಂದೇ ಜಾತಿಯ ಅಂಕಿಗಳಲ್ಲ. ಮೊದಲನೆಯದು ಬಡ್ಡಿ, ನಿಮ್ಮ ಅಸಲು ಹಾಗೆಯೇ ಇರುತ್ತದೆ. ಎರಡನೆಯದರಲ್ಲಿ ಹಲವು ಬಾರಿ ನಿಮ್ಮ ಅಸಲೇ ಸ್ವಲ್ಪ ಸ್ವಲ್ಪವಾಗಿ ನಿಮಗೆ ಮರಳಿ ಬರುತ್ತಿರುತ್ತದೆ. ಈ ವ್ಯತ್ಯಾಸ ತಿಳಿಯದೆ ಚೆಕ್ ಬರೆದವರು ಎಷ್ಟೋ ಜನ. ಹಾಗಾಗದಿರಲು ಒಂದು ಮನೆಯ ಲೆಕ್ಕವನ್ನೇ ಹಿಡಿದು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ದಾವಣಗೆರೆಯ ಖಾಸಗಿ ಕಂಪನಿಯೊಂದರಿಂದ ನಿವೃತ್ತರಾದವರು ಎಂದುಕೊಳ್ಳಿ. ಅವರಿಗೆ 60 ವರ್ಷ, ಪತ್ನಿಗೆ 57. ಭವಿಷ್ಯ ನಿಧಿ, ಗ್ರಾಚ್ಯುಟಿ ಎಲ್ಲ ಸೇರಿ ಕೈಯಲ್ಲಿರುವುದು 36 ಲಕ್ಷ ರೂಪಾಯಿ. ಸ್ವಂತ ಮನೆ ಇದೆ. ಭವಿಷ್ಯ ನಿಧಿಯ ಪಿಂಚಣಿ ತಿಂಗಳಿಗೆ 3,000 ರೂಪಾಯಿ ಬರುತ್ತದೆ. ಮನೆ ನಡೆಸಲು 22,000 ಬೇಕು.

ಹೆಜ್ಜೆ 1: ತಿಂಗಳ ಕೊರತೆಯನ್ನು ಬರೆದುಕೊಳ್ಳಿ

ಈ ಮನೆಗೆ ಕೊರತೆ ಬೀಳುವುದು ತಿಂಗಳಿಗೆ 19,000 ರೂಪಾಯಿ. ಲೆಕ್ಕ ಶುರುವಾಗಬೇಕಾದದ್ದು ಇಲ್ಲಿಂದ, ಯಾವ ಯೋಜನೆ ಹೆಚ್ಚು ಕೊಡುತ್ತದೆ ಎಂಬಲ್ಲಿಂದಲ್ಲ. 36 ಲಕ್ಷವನ್ನೂ ತಿಂಗಳ ಆದಾಯಕ್ಕೆ ಹಾಕಿದರೆ ಇವತ್ತು ಕೈತುಂಬ ಹಣ ಬರಬಹುದು. ಹತ್ತು ವರ್ಷ ಕಳೆದ ಮೇಲೆ ಬೆಲೆ ಏರಿದಾಗ ಮುಟ್ಟಲು ಏನೂ ಉಳಿದಿರುವುದಿಲ್ಲ.

ಹೆಜ್ಜೆ 2: ಹಿರಿಯ ನಾಗರಿಕರ ಯೋಜನೆಯಲ್ಲಿ 20 ಲಕ್ಷ

60 ತುಂಬಿದವರು ಅಂಚೆ ಕಚೇರಿಯಲ್ಲೋ ಈ ಸೌಲಭ್ಯವಿರುವ ಬ್ಯಾಂಕಿನಲ್ಲೋ ಖಾತೆ ತೆರೆಯಬಹುದು. ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಪಡೆದವರಿಗೆ 55ರಿಂದಲೇ ಅವಕಾಶವಿದೆ. ಆದರೆ ಅವರು ನಿವೃತ್ತಿ ಹಣ ಕೈಗೆ ಬಂದ ಮೂರು ತಿಂಗಳೊಳಗೆ, ಆ ಹಣದ ಮೊತ್ತ ಮೀರದಂತೆ, ಕಂಪನಿಯ ಪ್ರಮಾಣಪತ್ರದೊಂದಿಗೆ ಠೇವಣಿ ಇಡಬೇಕು. ಒಬ್ಬರಿಗೆ ಗರಿಷ್ಠ 30 ಲಕ್ಷ. ಅವಧಿ ಐದು ವರ್ಷ. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇಕಡಾ 8.2ಕ್ಕೆ ಏರಿತು, ಇಲ್ಲಿನ ಲೆಕ್ಕವೆಲ್ಲ ಅದೇ ದರದ್ದು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪ್ರಕಟಿಸುತ್ತದೆಯಾದರೂ ನೀವು ಖಾತೆ ತೆರೆದ ದಿನದ ದರ ಐದೂ ವರ್ಷ ಬದಲಾಗುವುದಿಲ್ಲ.

20 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 41,000 ರೂಪಾಯಿ ಬಡ್ಡಿ. ತಿಂಗಳಿಗೆ ಹಂಚಿದರೆ 13,667. ಹಣ ಬರುವುದು ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಜನವರಿಯ ಮೊದಲ ಕೆಲಸದ ದಿನ. ಅದು ನೇರವಾಗಿ ಉಳಿತಾಯ ಖಾತೆಗೆ ಜಮಾ ಆಗುವಂತೆ ಖಾತೆ ತೆರೆಯುವಾಗಲೇ ಬರೆದುಕೊಡಿ. ಪಡೆಯದೆ ಬಿಟ್ಟ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಹುಟ್ಟುವುದಿಲ್ಲ. ಎರಡು ಮೂರು ಕಂತುಗಳನ್ನು ಹಾಗೆಯೇ ಬಿಟ್ಟು, ಬೆಳೆಯುತ್ತಿದೆ ಎಂದು ನೆಮ್ಮದಿಯಾಗಿರುವವರು ಇದನ್ನು ಗಮನಿಸಬೇಕು.

ಇಲ್ಲಿ ನಾನು ಒತ್ತಿ ಹೇಳುವ ಮಾತೊಂದಿದೆ. 20 ಲಕ್ಷವನ್ನು ಒಂದೇ ಖಾತೆಯಲ್ಲಿ ಇಡಬೇಡಿ. ಐದೈದು ಲಕ್ಷದ ನಾಲ್ಕು ಖಾತೆ ಮಾಡಿ. ಕೌಂಟರಿನಲ್ಲಿ ನಾಲ್ಕು ಅರ್ಜಿ ತುಂಬುವುದು ಬೇಸರದ ಕೆಲಸ, ಒಂದೇ ಸಾಕಲ್ಲ ಎಂದು ಆ ಕಡೆಯಿಂದಲೂ ಕೇಳಬಹುದು. ಆದರೂ ಬಿಡಬೇಡಿ. ಈ ಯೋಜನೆಯಲ್ಲಿ ಒಂದು ಖಾತೆಯಿಂದ ಸ್ವಲ್ಪ ಭಾಗ ಮಾತ್ರ ತೆಗೆಯಲು ಬರುವುದಿಲ್ಲ, ಇಡೀ ಖಾತೆಯನ್ನೇ ಮುಚ್ಚಬೇಕು. ಒಂದು ವರ್ಷ ದಾಟಿ ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನ ಶೇಕಡಾ 1.5, ಎರಡು ವರ್ಷದ ನಂತರ ಮುಚ್ಚಿದರೆ ಶೇಕಡಾ 1 ಕಡಿತವಾಗುತ್ತದೆ. ಮೂರನೇ ವರ್ಷ ಶಸ್ತ್ರಚಿಕಿತ್ಸೆಗೆ ನಾಲ್ಕು ಲಕ್ಷ ಬೇಕಾಯಿತು ಎನ್ನಿ. ಐದು ಲಕ್ಷದ ಒಂದು ಖಾತೆ ಮುಚ್ಚಿದರೆ 5,000 ಹೋಗುತ್ತದೆ, ಉಳಿದ ಮೂರು ಖಾತೆಗಳ ಬಡ್ಡಿ ಎಂದಿನಂತೆ ಬರುತ್ತಿರುತ್ತದೆ. ಒಂದೇ ಖಾತೆಯಾಗಿದ್ದರೆ 20,000 ಹೋಗುವುದಲ್ಲದೆ ಶೇಕಡಾ 8.2ರ ದರವನ್ನೂ ಪೂರ್ತಿಯಾಗಿ ಕಳೆದುಕೊಳ್ಳಬೇಕಾಗುತ್ತದೆ.

ಹೆಜ್ಜೆ 3: ಮಾಸಿಕ ಆದಾಯ ಯೋಜನೆಯಲ್ಲಿ 9 ಲಕ್ಷ

ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯ ಬಡ್ಡಿ ಶೇಕಡಾ 7.4. ಹಿರಿಯ ನಾಗರಿಕರ ಯೋಜನೆಗಿಂತ ಕಡಿಮೆಯಾದರೂ ಹಣ ಪ್ರತಿ ತಿಂಗಳೂ ಬರುತ್ತದೆ, ವಯಸ್ಸಿನ ಷರತ್ತೂ ಇಲ್ಲ. 57ರ ಪತ್ನಿ ಇಲ್ಲಿ ಸರಿಸಮ ಪಾಲುದಾರರಾಗಬಹುದು. ಒಂಟಿ ಖಾತೆಗೆ 9 ಲಕ್ಷ, ಜಂಟಿ ಖಾತೆಗೆ 15 ಲಕ್ಷದ ಮಿತಿ. ನಮ್ಮ ದಂಪತಿ ಜಂಟಿಯಾಗಿ 9 ಲಕ್ಷ ಇಟ್ಟರೆ ತಿಂಗಳಿಗೆ 5,550 ರೂಪಾಯಿ.

ಮಿತಿ 15 ಲಕ್ಷವಿರುವಾಗ 9ಕ್ಕೇ ಏಕೆ ನಿಲ್ಲಬೇಕು? ಇಬ್ಬರಲ್ಲಿ ಒಬ್ಬರು ಇಲ್ಲವಾದರೆ ಖಾತೆ ಉಳಿದವರ ಹೆಸರಿನ ಒಂಟಿ ಖಾತೆಯಾಗುತ್ತದೆ, ಆಗ ಒಂಟಿ ಖಾತೆಯ ಮಿತಿ ಎದುರಾಗುತ್ತದೆ. 9 ಲಕ್ಷವಿದ್ದರೆ ಆ ಹೊತ್ತಿನಲ್ಲಿ ಯಾವ ಓಡಾಟವೂ ಬೇಡ.

ಇದೇ ಕಾರಣಕ್ಕೆ ಹಿರಿಯ ನಾಗರಿಕರ ಖಾತೆಯ ಬಗ್ಗೆಯೂ ಒಂದು ಮಾತು. ಪತಿ ತೀರಿಕೊಂಡರೆ ಜಂಟಿ ಖಾತೆದಾರರೋ ಏಕೈಕ ನಾಮಿನಿಯೋ ಆಗಿರುವ ಪತ್ನಿ ಆ ಖಾತೆಯನ್ನು ಮುಂದುವರಿಸಬಹುದು. ಆದರೆ ಅವರು ಯೋಜನೆಯ ಅರ್ಹತೆಗೆ ಒಳಪಟ್ಟಿರಬೇಕು. 60 ತುಂಬದವರಿಗೆ ಇದು ತೊಡಕಾಗಬಹುದು. ಆ ಮೂರು ವರ್ಷ ಪತ್ನಿಯ ಕೈಯಲ್ಲಿ ನಿರಾತಂಕವಾಗಿ ಉಳಿಯುವ ಆದಾಯ ಇರಲಿ ಎಂಬುದೂ ಮಾಸಿಕ ಯೋಜನೆಯ ಪಾಲನ್ನು ಇಲ್ಲಿ ಸೇರಿಸಿದ್ದಕ್ಕೆ ಕಾರಣ.

ಎರಡೂ ಸೇರಿ 19,217 ರೂಪಾಯಿ. ಕೊರತೆ ತುಂಬಿತು. ಉಳಿದ 7 ಲಕ್ಷದಲ್ಲಿ 3 ಲಕ್ಷ ಆಸ್ಪತ್ರೆಯ ತುರ್ತಿಗೆ ಬ್ಯಾಂಕಿನಲ್ಲಿರಲಿ. 4 ಲಕ್ಷವನ್ನು ಬಡ್ಡಿ ತೆಗೆಯದೆ ಬೆಳೆಯಲು ಬಿಟ್ಟರೆ ಮುಂದೆ ಬೆಲೆ ಏರಿದಾಗ ಒದಗುತ್ತದೆ.

ಹೆಜ್ಜೆ 4: ಅದೇ 20 ಲಕ್ಷಕ್ಕೆ ಆನ್ಯುಟಿಯ ಲೆಕ್ಕ ಹಾಕಿ

ಆನ್ಯುಟಿ ಎಂದರೆ ವಿಮಾ ಕಂಪನಿಗೆ ಒಮ್ಮೆಗೆ ಹಣ ಕೊಟ್ಟು ಬದುಕಿರುವವರೆಗೆ ನಿಗದಿತ ಪಿಂಚಣಿ ಪಡೆಯುವ ಒಪ್ಪಂದ. ಎಲ್‌ಐಸಿಯ ಜೀವನ್ ಅಕ್ಷಯ್ ಈ ಬಗೆಯದು. ಹಲವು ಆಯ್ಕೆಗಳಿದ್ದರೂ ಮುಖ್ಯವಾದವು ಎರಡು: ಮರಣದ ನಂತರ ಅಸಲನ್ನು ನಾಮಿನಿಗೆ ಹಿಂದಿರುಗಿಸುವುದು ಮತ್ತು ಹಿಂದಿರುಗಿಸದಿರುವುದು. ದರಗಳು ವಯಸ್ಸಿಗೆ, ಕಂಪನಿಗೆ, ದಿನಕ್ಕೆ ತಕ್ಕಂತೆ ಬದಲಾಗುತ್ತವೆ. ಲೆಕ್ಕದ ಅನುಕೂಲಕ್ಕಾಗಿ ಅಸಲು ಮರಳುವ ಆಯ್ಕೆಗೆ ಶೇಕಡಾ 6.5, ಮರಳದ ಆಯ್ಕೆಗೆ ಶೇಕಡಾ 8.3 ಎಂದು ಇಟ್ಟುಕೊಳ್ಳೋಣ. ನಿಮಗೆ ಕೊಟ್ಟ ದರವನ್ನು ಇದೇ ಜಾಗದಲ್ಲಿ ಹಾಕಿ ನೋಡಿ.

ಅಸಲು ಮರಳುವ ಆಯ್ಕೆಯಲ್ಲಿ ವರ್ಷಕ್ಕೆ 1,30,000. ಹಿರಿಯ ನಾಗರಿಕರ ಯೋಜನೆಯಲ್ಲಿ 1,64,000. ವರ್ಷಕ್ಕೆ 34,000ದಂತೆ ಐದು ವರ್ಷಕ್ಕೆ 1,70,000 ರೂಪಾಯಿ ಕಡಿಮೆ. ಇದಕ್ಕೆ ಬದಲಾಗಿ ಸಿಗುವುದು, ದರ ಜೀವನಪೂರ್ತಿ ಇಳಿಯುವುದಿಲ್ಲ ಎಂಬ ಭರವಸೆ. ಹಿರಿಯ ನಾಗರಿಕರ ಯೋಜನೆಯ ದರ ಮುಂದೆ ಶೇಕಡಾ 6.5ಕ್ಕಿಂತ ಕೆಳಗಿಳಿದು ಬಹುಕಾಲ ಅಲ್ಲೇ ನಿಂತರೆ ಮಾತ್ರ ಈ ಆಯ್ಕೆ ಗೆಲ್ಲುತ್ತದೆ.

ಮರಳದ ಆಯ್ಕೆಯಲ್ಲಿ ವರ್ಷಕ್ಕೆ 1,66,000. ಹಿರಿಯ ನಾಗರಿಕರ ಯೋಜನೆಗಿಂತ 2,000 ಹೆಚ್ಚು ಎಂದು ಕಾಣುತ್ತದೆ. ಆದರೆ 20 ಲಕ್ಷ ಇನ್ನು ನಿಮ್ಮದಲ್ಲ. ಕೊಟ್ಟ ಹಣವಷ್ಟೇ ಕೈಗೆ ಮರಳಲು 12 ವರ್ಷ, ಅಂದರೆ 72ನೇ ವಯಸ್ಸು ಬೇಕು. ಅದರ ಮೇಲೆ ವರ್ಷಕ್ಕೆ ಶೇಕಡಾ 7ರ ಗಳಿಕೆ ಸಿಗಬೇಕಾದರೆ 87 ದಾಟಬೇಕು. 60ರ ವಯಸ್ಸಿನಲ್ಲಿ ಇದನ್ನು ಕೊಳ್ಳಬೇಡಿ ಎಂದು ನಾನು ಹೇಳುವುದು ಈ ಲೆಕ್ಕದಿಂದಲೇ.

ಹೆಜ್ಜೆ 5: ದರ ಇಳಿಯುವ ಅಪಾಯವನ್ನೂ ತೂಗಿ

ಹಾಗೆಂದು ಆನ್ಯುಟಿಯ ಪರವಾದ ವಾದ ಸುಳ್ಳಲ್ಲ. ಹಿರಿಯ ನಾಗರಿಕರ ಯೋಜನೆಯ ಹಿಂದಿನ ದರಗಳನ್ನು ನೋಡಿ. 2015ರ ಮೇ ತಿಂಗಳಲ್ಲಿ ಶೇಕಡಾ 9.3ಕ್ಕೆ 20 ಲಕ್ಷ ಇಡುವುದು ಸಾಧ್ಯವಿರಲಿಲ್ಲ, ಆಗ ಮಿತಿ 15 ಲಕ್ಷ. ಆ 15 ಲಕ್ಷಕ್ಕೆ ಮೂರು ತಿಂಗಳಿಗೆ 34,875 ರೂಪಾಯಿ ಬರುತ್ತಿತ್ತು. 2020ರ ಮೇ ತಿಂಗಳಲ್ಲಿ ಅವಧಿ ಮುಗಿದು ಖಾತೆ ಮುಂದುವರಿಸಿದವರಿಗೆ ಸಿಕ್ಕಿದ್ದು ಶೇಕಡಾ 7.4, ಅಂದರೆ 27,750. ಕೋವಿಡ್ ಕಾಲದಲ್ಲಿ, ಖರ್ಚು ಏರುತ್ತಿದ್ದಾಗ, ಮೂರು ತಿಂಗಳ ಆದಾಯದಲ್ಲಿ 7,125 ರೂಪಾಯಿ ಕೊರತೆ. ಆನ್ಯುಟಿ ಇದ್ದವರಿಗೆ ಈ ಪೆಟ್ಟು ಬೀಳಲಿಲ್ಲ.

ಐದು ವರ್ಷ ಮುಗಿದ ಮೇಲೆ ಖಾತೆಯನ್ನು ಮೂರು ವರ್ಷಗಳಂತೆ ಮುಂದುವರಿಸಬಹುದು. ಆದರೆ ಅದಕ್ಕೆ ಅರ್ಜಿ ಕೊಡಬೇಕು, ಅವಧಿ ಮುಗಿದ ಒಂದು ವರ್ಷದೊಳಗೆ. ಸುಮ್ಮನಿದ್ದರೆ ಉಳಿತಾಯ ಖಾತೆಯ ಬಡ್ಡಿ ಮಾತ್ರ. 65ರಲ್ಲಿ ಇದು ಸುಲಭ. 80ರಲ್ಲಿ ಯಾರು ಕರೆದುಕೊಂಡು ಹೋಗುತ್ತಾರೆ, ಯಾರು ನೆನಪಿಸುತ್ತಾರೆ? ಇನ್ನೊಂದು ವಿಷಯವೂ ಇದೆ, ಮನೆಗಳಲ್ಲಿ ಬಾಯಿಬಿಟ್ಟು ಹೇಳದಿರುವಂಥದ್ದು. ಠೇವಣಿಯಲ್ಲಿರುವ ಹಣವನ್ನು ಮಗನ ವ್ಯಾಪಾರಕ್ಕೋ ಸಂಬಂಧಿಕರ ಮದುವೆಗೋ ಮುರಿಸಿಬಿಡಬಹುದು. ಅಸಲು ಮರಳದ ಆನ್ಯುಟಿಯನ್ನು ಯಾರೂ ಮುರಿಸಲಾರರು. ಒಂಟಿಯಾಗಿರುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ರಕ್ಷಣೆ.

ಆದ್ದರಿಂದ ಈ ದಂಪತಿಗೆ ನಾನು ಹೇಳುವುದು: 70ರವರೆಗೆ ಠೇವಣಿಗಳಲ್ಲೇ ನಡೆಸಿ, ಆಮೇಲೆ 20 ಲಕ್ಷದಲ್ಲಿ ಒಂದು ಭಾಗಕ್ಕೆ ಮಾತ್ರ ಆನ್ಯುಟಿ ಕೊಳ್ಳಿ. ವಯಸ್ಸು ಏರಿದಂತೆ ಅಸಲು ಮರಳದ ಆನ್ಯುಟಿಯ ದರವೂ ಏರುತ್ತದೆ. ಕಾದವರಿಗೆ ಅದೇ ಹಣಕ್ಕೆ ಹೆಚ್ಚು ಪಿಂಚಣಿ ಸಿಗುತ್ತದೆ. ಆಗ ಪತಿಯ ನಂತರ ಪತ್ನಿಗೂ ಪೂರ್ತಿ ಪಿಂಚಣಿ ಮುಂದುವರಿಯುವ ಜಂಟಿ ಆಯ್ಕೆಯನ್ನೇ ಕೇಳಿ. ದರ ಸ್ವಲ್ಪ ಇಳಿಯುತ್ತದೆ, ಇಳಿಯಲಿ.

ಹೆಜ್ಜೆ 6: ತೆರಿಗೆ ಮತ್ತು ಕಾಗದಪತ್ರ

ಮೂರರ ಆದಾಯವೂ ತೆರಿಗೆಗೆ ಒಳಪಡುತ್ತದೆ. ನಮ್ಮ ದಂಪತಿಯಷ್ಟು ಆದಾಯವಿರುವವರಿಗೆ ಕಟ್ಟಬೇಕಾದ ತೆರಿಗೆ ಇರುವುದಿಲ್ಲ. ಆದರೂ ಬಡ್ಡಿ ವರ್ಷಕ್ಕೆ ಒಂದು ಲಕ್ಷ ಮೀರಿದರೆ ಹಿರಿಯ ನಾಗರಿಕರ ಖಾತೆಯಲ್ಲಿ ಮೂಲದಲ್ಲೇ ತೆರಿಗೆ ಮುರಿದುಕೊಳ್ಳುತ್ತಾರೆ. ಇವರ ಬಡ್ಡಿ 1,64,000. ಪ್ರತಿ ವರ್ಷ ಏಪ್ರಿಲ್‌ನಲ್ಲೇ ತೆರಿಗೆ ಬರುವುದಿಲ್ಲವೆಂಬ ಸ್ವಯಂ ಘೋಷಣೆಯ ನಮೂನೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಆನ್ಯುಟಿ ಕೊಳ್ಳುವ ದಿನ ಬಂದಾಗ ಏಜೆಂಟರಿಂದ ಮೂರು ಉತ್ತರಗಳನ್ನು ಬರಹದಲ್ಲೇ ಪಡೆಯಿರಿ: ನಾನು ತೀರಿಕೊಂಡರೆ ಅಸಲು ಎಷ್ಟು ಮರಳುತ್ತದೆ, ಪತ್ನಿಗೆ ತಿಂಗಳಿಗೆ ಎಷ್ಟು ಬರುತ್ತದೆ, ಮೊದಲ ಪಿಂಚಣಿ ಯಾವ ತಿಂಗಳು. ಮೂರನೆಯದನ್ನು ಬಿಡಬೇಡಿ. ಹೆಚ್ಚಿನ ಶೇಕಡಾ ತೋರಿಸುವ ಕೆಲವು ಯೋಜನೆಗಳಲ್ಲಿ ಪಿಂಚಣಿ ಶುರುವಾಗುವುದೇ ಐದೋ ಹತ್ತೋ ವರ್ಷದ ನಂತರ. ಪಾಲಿಸಿ ಕೈಗೆ ಬಂದ ದಿನವೇ ಈ ಉತ್ತರಗಳೊಂದಿಗೆ ತಾಳೆ ನೋಡಿ. ಹೊಂದಿಕೆಯಾಗದಿದ್ದರೆ 30 ದಿನದೊಳಗೆ ಪಾಲಿಸಿಯನ್ನು ಹಿಂದಿರುಗಿಸಿ ಹಣ ವಾಪಸ್ ಕೇಳುವ ಹಕ್ಕು ನಿಮಗಿದೆ. ಅರ್ಜಿಯನ್ನು ಏಜೆಂಟರ ಕೈಗಲ್ಲ, ಕಂಪನಿಯ ಶಾಖೆಗೇ ಕೊಡಿ.